ಸಹಿ ಹಾಕುವ ಮೊದಲು ಮಾವನ ಒಂದು ಮಾತು

ಗಂಗಾವತಿ

ಚಿರಂಜೀವಿ ಬಸವರಾಜನಿಗೆ ಮಾವನ ಆಶೀರ್ವಾದಗಳು. ನಾವೆಲ್ಲ ಆರಾಮ ಇದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಹೇಗಿದೆ ಅಂತ ಬರಿ.

ನೀನು ಕಳಿಸಿದ ಯೂಲಿಪ್ ಪಾಲಿಸಿಯ, ಅಂದರೆ ಕಂತಿನಲ್ಲಿ ಒಂದಿಷ್ಟು ಜೀವವಿಮೆಗೂ ಮಿಕ್ಕದ್ದು ಹೂಡಿಕೆಯ ಫಂಡಿಗೂ ಹೋಗುವ ಪಾಲಿಸಿಯ, ಕಾಗದ ಎರಡು ಸಲ ಓದಿದೆ. ವರ್ಷಕ್ಕೆ 60,000 ಕಂತು, ವಿಮಾ ಮೊತ್ತ 6 ಲಕ್ಷ. "ವಿಮಾನೂ ಆತು, ರೊಕ್ಕಾನೂ ಬೆಳೀತೈತಿ" ಅಂದರಂತೆ ಏಜೆಂಟರು. ಹದಿನೇಳು ವರ್ಷ ಏಜೆಂಟನಾಗಿದ್ದ ನಾನೂ ಎಷ್ಟೋ ಮನೆಯ ಕಟ್ಟೆಯ ಮೇಲೆ ಕೂತು ಇದನ್ನೇ ಹೇಳಿದವನು.

ಕಾರಟಗಿಯಿಂದ ಅಕ್ಕಿ ಲೋಡು ಹೊಡೆಯುತ್ತಿದ್ದ ಒಬ್ಬರಿಗೆ ವರ್ಷಕ್ಕೆ 24,000ದ ಇಂಥದೇ ಪಾಲಿಸಿ ಮಾಡಿಸಿದ್ದೆ. ನಾಲ್ಕನೇ ಕಂತು ಕಟ್ಟಿದ ಮೇಲೆ ಅಪಘಾತದಲ್ಲಿ ತೀರಿಕೊಂಡರು. ಬಂದದ್ದು 2,40,000. ಲಾರಿ ಸಾಲವೇ ಅದರ ಮೂರು ಪಟ್ಟು ಇತ್ತು. ಅವರ ಹೆಂಡತಿ ಕಾಗದ ನೋಡಿ, "ಇದರಾಗ ಅವರ ಕಟ್ಟಿದ್ದ ಎಷ್ಟು?" ಅಂದಳು. 96,000 ಅಂದೆ. ಮತ್ತೇನೂ ಕೇಳಲಿಲ್ಲ. ಆ ಮನೆಯ ಮುಂದೆ ಹಾಯುವಾಗ ಈಗಲೂ ನಾನು ಆಚೆ ಮುಖ ಮಾಡಿಕೊಂಡು ಹೋಗುತ್ತೇನೆ.

ಆಕೆಯ ಪ್ರಶ್ನೆಯನ್ನೇ ನಿನ್ನ ಕಾಗದಕ್ಕೂ ಕೇಳು. ನಿನ್ನದು ವಿಮಾ ಮೊತ್ತ ಅಥವಾ ಫಂಡಿನ ಮೌಲ್ಯ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುವ ಬಗೆ. ಎರಡನೇ ವರ್ಷ ನಿನಗೆ ಏನಾದರೂ ಆದರೆ ಫಂಡಿನಲ್ಲಿ ಸುಮಾರು 1 ಲಕ್ಷ ಇರುತ್ತದೆ ಅನ್ನು, ಕಂಪನಿ ತನ್ನ ಕೈಯಿಂದ ಹಾಕುವುದು 5 ಲಕ್ಷ. ಏಳನೇ ವರ್ಷ ಫಂಡು 5 ಲಕ್ಷಕ್ಕೆ ಬಂದಿದ್ದರೆ ಹಾಕುವುದು ಒಂದೇ ಲಕ್ಷ. 6 ಲಕ್ಷ ದಾಟಿದ ಮೇಲೆ ನಿನ್ನ ದುಡ್ಡನ್ನು ನಿನ್ನ ಮನೆಗೇ ಕೊಡುವುದು, ಅಷ್ಟೇ. ಇದು ಮೋಸವಲ್ಲ. ಕಂಪನಿಯ ಹೊಣೆ ಇಳಿದಂತೆ ಜೀವರಕ್ಷಣೆಗೆಂದು ಫಂಡಿನಿಂದ ಮುರಿದುಕೊಳ್ಳುವ ಶುಲ್ಕವೂ ಇಳಿಯುತ್ತದೆ. ಆದರೆ ನಿನ್ನ ಉಳಿತಾಯ ಬೆಳೆದಷ್ಟೂ ವಿಮೆ ಕರಗುತ್ತದೆ. ಎರಡನ್ನೂ ಸೇರಿಸಿ ಕೊಡುವ ಬಗೆಯೂ ಉಂಟು, ಅದರಲ್ಲಿ ಆ ಶುಲ್ಕ ಇಳಿಯುವುದಿಲ್ಲ, ವಯಸ್ಸಾದಂತೆ ಏರುತ್ತದೆ.

ಇನ್ನು ನಿನ್ನ ಮನೆ. ಮನೆ ಸಾಲ 12 ಲಕ್ಷ, ತಿಂಗಳ ಖರ್ಚು 25,000. ಆ 6 ಲಕ್ಷ ಸಾಲದ ಅರ್ಧಕ್ಕೂ ಸರಿ, ಇಲ್ಲವೇ ಎರಡು ವರ್ಷದ ಖರ್ಚಿಗೂ ಸರಿ, ಎರಡಕ್ಕೂ ಅಲ್ಲ. ನಿನ್ನ ಮಗಳಿಗೆ ಈಗ ಮೂರು ವರ್ಷ.

ಅದೇ 60,000ದಲ್ಲಿ ಟರ್ಮ್ ಪಾಲಿಸಿ ನೋಡು. 31 ವಯಸ್ಸಿಗೆ, 60 ತುಂಬುವವರೆಗೆ 1 ಕೋಟಿ ರಕ್ಷಣೆಗೆ ವರ್ಷಕ್ಕೆ ಹೆಚ್ಚುಕಡಿಮೆ 12ರಿಂದ 15 ಸಾವಿರ. ತಂಬಾಕು ಇದ್ದರೆ ಇನ್ನೂ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ. ಬದುಕುಳಿದರೆ ಪೈಸೆ ವಾಪಸ್ ಬರುವುದಿಲ್ಲ. ನಮ್ಮ ಮಂದಿಗೆ ಇದೇ ಗಂಟಲಲ್ಲಿ ಇಳಿಯುವುದಿಲ್ಲ. ಮಿಕ್ಕ ದುಡ್ಡನ್ನು ಸರ್ಕಾರದ ಉಳಿತಾಯ ಖಾತೆಯಾದ ಪಿಪಿಎಫ್‌ಗೂ, ಶೇರುಪೇಟೆಯ ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಹಾಕುವ ಎಸ್‌ಐಪಿಗೂ ಹಂಚು. ಪಿಪಿಎಫ್‌ಗೆ 15 ವರ್ಷದ ಅವಧಿ, ಅದು ಮಗಳ ಓದಿನ ಹೊತ್ತಿಗೆ ಸರಿಹೋಗುತ್ತದೆ. ಎಸ್‌ಐಪಿ ಏರಿಳಿಯುತ್ತದೆ, ಏಳೆಂಟು ವರ್ಷ ಮುಟ್ಟಬಾರದು.

ನಿನ್ನ ಗಿಣಿಗೇರಿಯ ಸ್ಪಾಂಜ್ ಐರನ್ ಕಾರ್ಖಾನೆ ನಿಂತುಹೋದ ದಿನಗಳು ನೆನಪಿವೆಯಲ್ಲ? ಅಂಥ ಹೊತ್ತಲ್ಲಿ ಎಸ್‌ಐಪಿ ನಿಲ್ಲಿಸಿ ಟರ್ಮಿನ ಕಂತು ಮಾತ್ರ ಕಟ್ಟಬಹುದು. ಯೂಲಿಪ್ಪನ್ನು ಐದು ವರ್ಷದ ಒಳಗೆ ಬಿಟ್ಟರೆ, ಒಂದಿಷ್ಟು ಶುಲ್ಕ ಮುರಿದು ದುಡ್ಡನ್ನು ಬೇರೆ ಫಂಡಿಗೆ ಹಾಕುತ್ತಾರೆ. ಅಲ್ಲಿ ಕನಿಷ್ಠ ಶೇ. 4 ಬಡ್ಡಿ. ಐದು ವರ್ಷ ತುಂಬುವ ತನಕ ಕೈಗೆ ಸಿಗದು, ವಿಮೆಯೂ ನಿಂತಿರುತ್ತದೆ. ಕೈಯಲ್ಲಿ ದುಡ್ಡು ನಿಲ್ಲದವನಿಗೆ ಆ ಬೀಗ ಒಳ್ಳೆಯದೇ ಅನ್ನುವವರಿದ್ದಾರೆ. ನೀನು ಹಾಗಲ್ಲ.

ಒಂದು ಮಾತು ಮಾತ್ರ ನಿನಗೆ ಸಿಟ್ಟು ತರಿಸುತ್ತದೆ. ಟರ್ಮ್ ಅರ್ಜಿಯಲ್ಲಿ ಗುಟ್ಕಾ ಬರೆಯಲೇಬೇಕು. ಪಾಳಿ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನೀ ಹರಿಯುವ ಚೀಟಿ ನಾನು ನೋಡಿದ್ದೇನೆ. ಬಿಪಿ ಗುಳಿಗೆಯನ್ನೂ, ಕಾರ್ಖಾನೆಯ ಕುಲುಮೆ ಹತ್ತಿರದ ಕೆಲಸವನ್ನೂ ಬರಿ. ಏಜೆಂಟ್ "ಬ್ಯಾಡ್ರಿ, ಕಂತು ಏರ್ತೈತಿ" ಅಂದರೆ ಕೇಳಬೇಡ. ಮೊದಲ ಮೂರು ವರ್ಷ ಮುಚ್ಚಿಟ್ಟದ್ದು ಹೊರಬಂದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ದಾರಿ ಇದೆ. ಆಗ ಉತ್ತರ ಕೊಡಲು ನೀನಿರುವುದಿಲ್ಲ.

ಸಹಿ ಮಾಡಿಬಿಟ್ಟಿದ್ದರೂ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು. ಸ್ಟಾಂಪು, ತಪಾಸಣೆಯ ಖರ್ಚು ಮುರಿದುಕೊಳ್ಳುತ್ತಾರೆ, ಫಂಡು ಏರಿಳಿದಷ್ಟು ಹೆಚ್ಚುಕಡಿಮೆ ಆಗುತ್ತದೆ. ಭಾನುವಾರ ಕಾಗದ ಹಿಡಿದುಕೊಂಡು ಬಾ, ಸೊಸೆಯನ್ನೂ ಕರೆದುಕೊಂಡು ಬಾ. ನಾಮಿನಿ ಅವಳು, ಮಾತು ಅವಳ ಮುಂದೆಯೇ ಆಗಲಿ.

ನಿನ್ನ ಮಾವ