ಆರನೆಯ ಚೀಟಿ

ಪ್ರೀತಿಯ ಗೆಳೆಯ,

ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ನಮ್ಮ ಹಾಡು ಕೇಳುವವರೂ ಓದಲಿ ಎಂದು ಎಲ್ಲರೆದುರು ಬರೆಯುತ್ತಿದ್ದೇನೆ. ಮೂರನೆಯ ತಂತಿಯ ಆಣೆ, ನಡುವೆ ನಿಲ್ಲಿಸಬೇಡ.

ನಮ್ಮ ತಂಡಕ್ಕೆ ಹೆಸರು ಆರಿಸಿದ ಸಂಜೆ ನೆನಪಿದೆಯಲ್ಲ? ನೀನು ಕಾಗದ ಉರಿಸಿ ತಮಟೆ ಕಾಯಿಸುತ್ತಿದ್ದೆ. ಸಡಿಲವಾಗಿದ್ದ ಚರ್ಮ ಬಿಗಿಯಾಗುತ್ತಾ ಬಂದು, ಬೆರಳು ತಾಗಿದರೆ ಠಣ್ ಎನ್ನುವವರೆಗೂ ನೀನು ತಲೆಯೆತ್ತಲಿಲ್ಲ. ಆಮೇಲೆ ‘ತೊಗಲು’ ಎಂಬ ಹೆಸರು ಹೇಳಿದೆ. ನಾನು ‘ಸುವ್ವಿ’ ಎಂದೆ. ಇನ್ನೊಂದು ಹೆಸರೂ ಬಂತು. ಐವರೂ ಚೀಟಿ ಹಾಕಿದೆವು: ಸುವ್ವಿಗೆ ಮೂರು, ತೊಗಲಿಗೆ ಎರಡು, ಉಳಿದದ್ದಕ್ಕೆ ಒಂದು. ಕೂಡಿಸಿ ನೋಡು. ನಾನು ಎರಡು ಚೀಟಿ ಹಾಕಿದ್ದೆ.

ಕಳೆದ ವಾರ ಸ್ಟೀಲೈ ಸ್ಪ್ಯಾನ್ ಬಗ್ಗೆ ಓದಿದೆ. 1969ರಲ್ಲಿ ಹುಟ್ಟಿದ ಇಂಗ್ಲೆಂಡಿನ ಜನಪದ ರಾಕ್ ತಂಡ ಅದು; ಹೆಸರು ಒಂದು ಹಳೆಯ ಜನಪದ ಹಾಡಿನ ಪಾತ್ರದ್ದು. ಅವರೂ ಐವರು, ಅವರ ಮುಂದೆಯೂ ಮೂರು ಹೆಸರು, ಬಿದ್ದದ್ದು ಆರು ಮತ. ಎರಡು ಮತ ಹಾಕಿದ್ದಾಗಿ ಅವರಲ್ಲೊಬ್ಬರಾದ ಟಿಮ್ ಹಾರ್ಟ್ ಆಮೇಲೆ ಒಪ್ಪಿಕೊಂಡರಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚೀಟಿಗಿಂತ ಹೆಚ್ಚು ಕೊರೆಯುತ್ತಿರುವುದು ಹೆಸರು. ಸುವ್ವಿ ಎಂಬುದು ಭತ್ತ ಕುಟ್ಟುವ ಹೆಂಗಸರ ಪಲ್ಲವಿ. ಒನಕೆಯ ಏಟಿಗೂ ಏದುಸಿರಿಗೂ ಹೊಂದಿಕೊಂಡು ಬಂದ ಮಾತು. ನಮ್ಮಲ್ಲಿ ಯಾರೂ ಒನಕೆ ಹಿಡಿದವರಲ್ಲ. ನಮ್ಮ ಏಳು ಹಾಡುಗಳಲ್ಲಿ ಒಂದೂ ಕುಟ್ಟುವ ಹಾಡಲ್ಲ. ಕಿವಿಗೆ ಇಂಪಾಗಿದೆ ಎಂದು ಆ ಮಾತನ್ನು ಎತ್ತಿಕೊಂಡು ಬಂದೆ. ಏಳರಲ್ಲಿ ನಾಲ್ಕು ಹಾಡು ನಿನ್ನ ತಮಟೆಯ ಮೇಲೆ ನಿಂತಿವೆ. ನಾನು ಗಿಟಾರ್ ನಿಲ್ಲಿಸಿದರೂ ಅವು ನಡೆಯುತ್ತವೆ, ನೀನು ನಿಲ್ಲಿಸಿದರೆ ಬೀಳುತ್ತವೆ. ಈ ಮಾತನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಹೆಸರು ನಿನ್ನದಾದರೆ ತಂಡವೂ ನಿನ್ನದಾಗುತ್ತದೆ ಎಂದು ಹೆದರಿದ್ದೆ.

ಸುವ್ವಿ ಮೈಕಿನಲ್ಲೂ ನಿಲ್ಲಲಿಲ್ಲ. ಮೊದಲ ಕಾರ್ಯಕ್ರಮದಲ್ಲಿ ನಿರೂಪಕಿ ‘ಸವಿ’ ಎಂದು ಕರೆದರು. ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು Suvi ಎಂದರೆ ಇನ್ನೊಬ್ಬರು Suvvi ಎಂದು ಹುಡುಕುತ್ತಾರೆ. ಹೇಗೆ ಹುಡುಕಿದರೂ ಬೇರೆಯವರ ಹಾಡುಗಳೇ ಮೊದಲು ಬರುತ್ತವೆ. ತೊಗಲಿಗೂ ಒಂದು ತೊಡಕಿದೆ: ಹುಡುಕಿದರೆ ತೊಗಲುಗೊಂಬೆಗಳ ಸಾಲು ಬರುತ್ತದೆ. ಅದಕ್ಕೆ ಎರಡು ಪದದ ಹೆಸರು ಒಳ್ಳೆಯದೆನಿಸುತ್ತದೆ. ‘ಕಾದ ತೊಗಲು’ ಎಂದರೆ? ಗಟ್ಟಿಯಾಗಿ ಕೂಗಿ ನೋಡಿದೆ, ‘ಕಾ’ ದೂರಕ್ಕೆ ಹೋಗುತ್ತದೆ. ಕೇಳಿದವರು ಯಾವುದನ್ನು ಕಾಯಿಸುತ್ತೀರಿ ಎಂದು ಕೇಳಿದರೆ, ವೇದಿಕೆಯ ಪಕ್ಕದಲ್ಲೇ ನಿನ್ನನ್ನು ತೋರಿಸಬಹುದು.

ಭಾನುವಾರ ಅಭ್ಯಾಸಕ್ಕೆ ಮೊದಲು ಮತ್ತೆ ಚೀಟಿ ಹಾಕೋಣ. ಕಾಗದ ನೀನೇ ಹರಿ, ಐದೇ ತುಂಡು. ಡಬ್ಬಿ ಯಾರ ಕೈಯಲ್ಲಿ ಬೇಕಾದರೂ ಇರಲಿ, ನಮ್ಮ ಬಾಸ್ ವಾದಕನ ಕೈಯಲ್ಲಿ ಮಾತ್ರ ಬೇಡ. ಕಾರಣ ನಿನಗೆ ಗೊತ್ತು.

ನಿನ್ನ,
ಎಡಗಡೆಯ ಆಂಪ್ಲಿಫೈಯರ್