ಗ್ರಂಥಾಲಯದ ಆ ಸಹಾಯಕಿಗೆ ಕೃತಜ್ಞತೆ

ಓದುವಾಗ ತಡವರಿಸುವ ನನ್ನ ಒಂಬತ್ತು ವರ್ಷದ ಮಗಳಿಗೆ ತನಗೇನೂ ಬಾರದೆಂಬುದು ಖಚಿತವಾಗಿದ್ದುದರಿಂದ, ‘ಜಾಣೆ’ ಎಂದವರನ್ನೆಲ್ಲ ಅವಳು ಅನುಮಾನದಿಂದಲೇ ನೋಡುತ್ತಿದ್ದಳು. ಬಡಾವಣೆಯ ಗ್ರಂಥಾಲಯದಲ್ಲಿ ಅವಳು ಪುಸ್ತಕ ಮುಚ್ಚಿಟ್ಟು ಅತ್ತಾಗ, ಮೇಜಿನ ಮೇಲಿನ ಪುಸ್ತಕಗಳನ್ನು ಅವಳು ಅಳತೆಗೆ ತಕ್ಕಂತೆ ಜೋಡಿಸಿದ್ದನ್ನು ಗಮನಿಸಿದ್ದ ಸಹಾಯಕಿಯೊಬ್ಬರು, ಹಾಳೆ ಬಿಟ್ಟುಹೋಗಿದ್ದ ಪುಸ್ತಕವನ್ನೂ ಅಂಟನ್ನೂ ಅವಳ ಮುಂದಿಟ್ಟರು. ಒಂದು ಹಾಳೆ ಅಂಟಿಸಿ ತೋರಿಸಿ ಉಳಿದದ್ದನ್ನು ಅವಳಿಗೇ ಬಿಟ್ಟರು; ಒಂದು ಸೊಟ್ಟಗಾದಾಗಲೂ ಕೈಹಾಕದೆ, ಅಂಟು ಒಣಗುವ ಮೊದಲು ಅವಳೇ ಅದನ್ನು ತೆಗೆದು ಕೂರಿಸುವವರೆಗೆ ಕಾದರು. ಕೊನೆಗೆ, “ಪ್ರತಿ ಹಾಳೆಯ ಅಂಚಿಗೂ ಬೆರಳಾಡಿಸಿ ನೋಡಿದೆಯಲ್ಲ ಪುಟ್ಟಿ, ಅದಕ್ಕೇ ನೇರವಾಗಿ ಕೂತಿದೆ” ಎಂದಷ್ಟೇ ಹೇಳಿ, ಪುಸ್ತಕವನ್ನು ಎರವಲಿನ ಕಪಾಟಿಗೆ ಸೇರಿಸಿದರು. ತಾನು ನಿಜವಾಗಿ ಮಾಡಿದ್ದನ್ನೇ ಹೇಳಿದ ಆ ಮಾತನ್ನು ಅವಳು ಅಲ್ಲಗಳೆಯಲಿಲ್ಲ. ನನ್ನ ಎದೆಯ ಭಾರ ಇಳಿಯಿತು. ಓದಿನ ತೊಡಕಿಗೆ ಬೇರೆಯೇ ನೆರವು ಬೇಕು, ಅದನ್ನು ಹುಡುಕುತ್ತಿದ್ದೇವೆ. ಹೆಸರು ಕೇಳಲಾಗದ ಆ ತಾಯಿಗೆ ಧನ್ಯವಾದಗಳು.