ಮಧುಗೆ, ನಿನ್ನ ಟೀ ಅಂಗಡಿ ಪ್ರಕಟಣೆ ಬಗ್ಗೆ

ಹಾಸನ, ಭಾನುವಾರ

ಚಿರಂಜೀವಿ ಮಧುಗೆ ನಿನ್ನ ಮಾವ ಮಾಡುವ ಆಶೀರ್ವಾದ.

ನೀನು ಕಳಿಸಿದ ಪ್ರಕಟಣೆ ಓದಿದೆ. ಮೈಸೂರಿನ ಎರಡು ಅಂಗಡಿ ಚೆನ್ನಾಗಿ ನಡೀತಿವೆ, ಈಗ ನಿನ್ನ ಹೆಸರಲ್ಲೇ ಅಂಗಡಿ ತೆಗೆಯೋಕೆ ಬೇರೆಯವರಿಗೂ ಫ್ರಾಂಚೈಸಿ ಕೊಡಬೇಕು ಅಂತಿದ್ದೀಯ. ಸಂತೋಷ. "ಮಾವ, ಒಂದ್ಸಲ ನೋಡಿ, ಏನಾದ್ರೂ ತಪ್ಪಿದ್ರೆ ಹೇಳಿ" ಅಂದೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಓದ್ತಾ ಇದ್ದ ಹಾಗೆ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕಂದ್ರೆ ಇದೇ ನಾಲ್ಕು ಸಾಲು ನಂಬಿ ನಾನು ಒಂದು ಟೀ ಕಂಪನಿಯ ಫ್ರಾಂಚೈಸಿಗೆ ದುಡ್ಡು ಕಟ್ಟಿದ್ದು. "2 ರಿಂದ 3 ಲಕ್ಷ ಹೂಡಿಕೆ. ರಾಯಲ್ಟಿ ಇಲ್ಲ. ಸಂಪೂರ್ಣ ಬೆಂಬಲ. ತಿಂಗಳಿಗೆ 50 ಸಾವಿರದಿಂದ 1 ಲಕ್ಷ ಆದಾಯ." ಕಂಪನಿ ಹೆಸರು ಬೇರೆ, ಮಾತು ಅದೇ.

ನನ್ನ ಅಂಗಡಿ ಹೋದ ಯುಗಾದಿಗೆ ಮುಚ್ಚಿತು ಅಂತ ನಿಮ್ಮಮ್ಮನಿಗೆ ಗೊತ್ತು. ಯಾಕೆ ಮುಚ್ಚಿತು ಅಂತ ಅವಳಿಗೂ ಪೂರ್ತಿ ಹೇಳಿಲ್ಲ. ನಿನಗೆ ಹೇಳ್ತೀನಿ, ನಿನಗೆ ಬೇಕಾಗುತ್ತದೆ.

ಮೊದಲು ಹೂಡಿಕೆ. ಕಂಪನಿಯವರು 3 ಲಕ್ಷ ಅಂದಿದ್ದರು, 3 ಲಕ್ಷವನ್ನೇ ತಗೊಂಡರು. ಅದರಲ್ಲಿ ಸುಳ್ಳಿಲ್ಲ. ಆದರೆ ಅದು ಅವರಿಗೆ ಕೊಡಬೇಕಾದ ದುಡ್ಡು, ಅಂಗಡಿ ತೆಗೆಯೋಕೆ ಬೇಕಾದ ದುಡ್ಡಲ್ಲ. ಅದರಲ್ಲಿ ಫ್ರಾಂಚೈಸಿ ಶುಲ್ಕ ಒಂದೂವರೆ ಲಕ್ಷ. ಅದರ ಮೇಲೆ 18% ಜಿಎಸ್‌ಟಿ ಅಂತ 27 ಸಾವಿರ ಬೇರೆ. ಇದನ್ನು ಆಮೇಲೆ ನಾನು ಕಟ್ಟೋ ತೆರಿಗೆಯಲ್ಲಿ ವಾಪಸ್ ಹೊಂದಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಟೀ ಅಂಗಡಿ 5% ತೆರಿಗೆ ಲೆಕ್ಕದಲ್ಲಿ ಬರುತ್ತೆ, ಆ ಲೆಕ್ಕದವರಿಗೆ ಹೊಂದಿಸೋಕೆ ಅವಕಾಶ ಇಲ್ಲ ಅಂತ ಆಡಿಟರ್ ಹೇಳಿದಾಗಲೇ ಗೊತ್ತಾದದ್ದು. ಮಳಿಗೆ ಅಡ್ವಾನ್ಸ್ 1 ಲಕ್ಷ. ಸಿಂಕು, ಪೈಪು, ವೈರಿಂಗು ಅಂತ 38 ಸಾವಿರ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಡಿಪಾಸಿಟ್ಟು, ಲೈಸೆನ್ಸು, ಚಿಲ್ಲರೆ ಪಾತ್ರೆ ಅಂತ 15 ಸಾವಿರ. ಬಾಗಿಲು ತೆಗೆಯೋ ಹೊತ್ತಿಗೆ 4 ಲಕ್ಷ 80 ಸಾವಿರ ಹೋಗಿತ್ತು. ಮೊದಲ ಟೀ ಇನ್ನೂ ಕುದ್ದಿರಲಿಲ್ಲ.

ನಿನ್ನ ಪ್ರಕಟಣೆ ಓದಿದವನು ಸರಿಯಾಗಿ 3 ಲಕ್ಷ ಹೊಂದಿಸಿಕೊಂಡು ಬರ್ತಾನೆ. ಮಿಕ್ಕಿದ್ದಕ್ಕೆ ಹೆಂಡತಿಯ ಬಳೆ ಅಡ ಇಡ್ತಾನೆ. ನಾನೂ ಇಟ್ಟಿದ್ದೆ.

ಇನ್ನು ಒಂದು ಕಪ್ಪಿನ ಲೆಕ್ಕ. ಇದನ್ನು ನೀನು ಮಾಡಿರ್ತೀಯ, ಆದರೆ ನಿನ್ನ ಜಾಗದಲ್ಲಿ ನಿಂತು ಮಾಡಿರ್ತೀಯ. ತಗೊಳ್ಳುವವನ ಜಾಗದಲ್ಲಿ ನಿಂತು ನೋಡು. ನಮ್ಮದು 90 ಎಂಎಲ್ ಕಪ್, ಬೆಲೆ 12 ರೂಪಾಯಿ. ಹಾಲು 50 ಎಂಎಲ್ ಬೀಳುತ್ತೆ, ಲೀಟರಿಗೆ 50 ರೂಪಾಯಿ ಅಂತ ಹಿಡಿದರೂ ಎರಡೂವರೆ ರೂಪಾಯಿ. ಕಂಪನಿ ಪುಡಿ ಎರಡೂವರೆ ಗ್ರಾಂ, ಒಂದೂವರೆ ರೂಪಾಯಿ. ಸಕ್ಕರೆ 35 ಪೈಸೆ, ಗ್ಯಾಸ್ 80 ಪೈಸೆ, ಪೇಪರ್ ಕಪ್ 60 ಪೈಸೆ. ಶುಂಠಿ, ಏಲಕ್ಕಿ, ಚೆಲ್ಲಿದ್ದು, ಸಂಜೆ ಉಳಿದು ಮೋರಿಗೆ ಹೋಗಿದ್ದು ಸೇರಿ 40 ಪೈಸೆ. ಒಟ್ಟು 6 ರೂಪಾಯಿ 15 ಪೈಸೆ. ಒಂದು ಕಪ್ಪಿಗೆ ಉಳಿಯೋದು 5 ರೂಪಾಯಿ 85 ಪೈಸೆ.

ತಿಂಗಳ ಖರ್ಚು ಹೀಗಿತ್ತು: ಬಾಡಿಗೆ 12 ಸಾವಿರ, ಟೀ ಮಾಸ್ಟರ್‌ಗೆ 18 ಸಾವಿರ, ಪಾತ್ರೆ ತೊಳೆದು ಟೀ ಕೊಡೋ ಹುಡುಗನಿಗೆ 10 ಸಾವಿರ, ಕರೆಂಟು, ನೀರು, ಕ್ಲೀನಿಂಗ್ 3 ಸಾವಿರ. 43 ಸಾವಿರ. ಇದನ್ನು 5.85ರಿಂದ ಭಾಗಿಸು. ದಿನಕ್ಕೆ 245 ಕಪ್ ಹೋದರೆ ಇದು ಸರಿಹೋಗುತ್ತೆ, ಅಷ್ಟೇ. 245 ಕಪ್ ಅಂದರೆ ತಿಂಗಳಿಗೆ 88 ಸಾವಿರ ವ್ಯಾಪಾರ. ಕೈಗೆ ಸೊನ್ನೆ. ನೀನು "50 ಸಾವಿರದಿಂದ 1 ಲಕ್ಷ ಆದಾಯ" ಅಂತ ಬರೆದಿದ್ದೀಯಲ್ಲ, ಅದು ಗಲ್ಲಾಪೆಟ್ಟಿಗೆಗೆ ಬೀಳೋದಾ, ಮನೆಗೆ ಹೋಗೋದಾ? ಓದುವವನು ಮನೆಗೆ ಹೋಗೋದು ಅಂತಲೇ ಅಂದುಕೊಳ್ತಾನೆ.

ನನ್ನ ಅಂಗಡೀಲಿ 180 ಕಪ್ ಮೇಲೆ ಹೋಗಲೇ ಇಲ್ಲ. ಜಾಗ ಕಾಲೇಜಿನ ಎದುರು. ಹುಡುಗರು ಬರೋರು, ನಾಲ್ಕು ಜನ ಎರಡು ಬೈಟು ಹೇಳೋರು, ಒಂದು ಗಂಟೆ ಕೂರೋರು. ಏಪ್ರಿಲ್, ಮೇ ಬಂತು ಅಂದರೆ ಅವರೂ ಇಲ್ಲ. ಬನ್ನು, ಬಿಸ್ಕತ್ತಿನಲ್ಲಿ ಬಂದದ್ದು ಆ ಎರಡು ತಿಂಗಳ ರಜೆಗೇ ಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. 180 ಕಪ್ಪಿಗೆ ತಿಂಗಳಿಗೆ 11 ಸಾವಿರ ಚಿಲ್ಲರೆ ಕೈಯಿಂದ ಹಾಕಬೇಕು. ನಾಲ್ಕು ತಿಂಗಳು ಹಾಕಿದೆ. ಐದನೇ ತಿಂಗಳು ಮಾಸ್ಟರನ್ನು ಬಿಡಿಸಿ ನಾನೇ ಒಲೆ ಮುಂದೆ ನಿಂತೆ. ಅವನ 18 ಸಾವಿರ ಉಳೀತು, ನನ್ನ ಕೈಗೆ 6,600 ಬಂತು. ಅಂದರೆ 18 ಸಾವಿರದ ಕೆಲಸ 6,600ಕ್ಕೆ ಮಾಡಿದೆ, ಅದೂ ಬೆಳಿಗ್ಗೆ ಐದೂವರೆಯಿಂದ. ನಿಮ್ಮತ್ತೆ ನಕ್ಕಳು, ಆಮೇಲೆ ಅತ್ತಳು.

ಈಗ "ರಾಯಲ್ಟಿ ಇಲ್ಲ", ಅಂದರೆ ವ್ಯಾಪಾರದಲ್ಲಿ ಕಂಪನಿಗೆ ಪಾಲು ಕೊಡಬೇಕಿಲ್ಲ ಅನ್ನೋ ಮಾತಿಗೆ ಬರ್ತೀನಿ. ನನಗೆ ಜಾಸ್ತಿ ಸಿಟ್ಟು ಇರೋದು ಇದರ ಮೇಲೆ. ಪುಡಿ ಅವರಲ್ಲೇ ಕೊಳ್ಳಬೇಕು ಅಂತ ಕರಾರು, ಕೆಜಿಗೆ 600. ಒಂದು ದಿನ ಪುಡಿ ಸ್ವಲ್ಪ ತಗೊಂಡು ನಮ್ಮ ಹಳೇ ಬಸ್‌ಸ್ಟ್ಯಾಂಡ್ ಕಡೆ ಪುಡಿ ವ್ಯಾಪಾರಿ ಹತ್ರ ಹೋದೆ. ಅವರು ಅಂಗೈ ಮೇಲೆ ಹಾಕಿಕೊಂಡು ಬೆರಳಲ್ಲಿ ಉಜ್ಜಿದರು, ಮೂಸಿದರು, ಬಿಸಿನೀರಿಗೆ ಹಾಕಿ ಬಣ್ಣ ನೋಡಿದರು. "ಡಸ್ಟ್ ಪುಡಿ ಸ್ವಾಮಿ, ಇಂಥದ್ದೇ ನಮ್ಮಲ್ಲಿ 350ಕ್ಕಿದೆ" ಅಂದರು. ಕಪ್ಪಿಗೆ 62 ಪೈಸೆ ವ್ಯತ್ಯಾಸ. ಏನು ಮಹಾ ಅನ್ನಿಸುತ್ತೆ ಅಲ್ವಾ? ದಿನಕ್ಕೆ 245 ಕಪ್ ಲೆಕ್ಕದಲ್ಲಿ ತಿಂಗಳಿಗೆ 4,500 ಮೇಲಾಯಿತು. ವ್ಯಾಪಾರದ 5% ಹತ್ತಿರ ಹತ್ತಿರ. ಇದು ರಾಯಲ್ಟಿ ಅಲ್ಲದೆ ಮತ್ತೇನು? ಚೀಲದೊಳಗೆ ಕೂತಿದೆ ಅಷ್ಟೇ.

ಪುಡಿಯಲ್ಲಿ ನೀನು ಲಾಭ ತಗೋಬೇಡ ಅಂತ ಹೇಳ್ತಿಲ್ಲ. ಎಲ್ಲಾ ಅಂಗಡೀಲೂ ಒಂದೇ ರುಚಿ ಬರಬೇಕಾದರೆ ಪುಡಿ ನಿನ್ನದೇ ಆಗಬೇಕು, ನಿಜ. ನಿನಗೂ ಏನಾದರೂ ಉಳೀಬೇಕು. ಎಷ್ಟು ಉಳಿಯುತ್ತೆ ಅಂತ ಹೇಳಿ ತಗೋ. ಇಲ್ಲದಿದ್ದರೆ ಆರು ತಿಂಗಳಲ್ಲಿ ಅವನು ನನ್ನ ಹಾಗೇ ಪುಡಿ ಮೂಸಿ ನೋಡ್ತಾನೆ, ಏಳನೇ ತಿಂಗಳಿಂದ ನಿನ್ನ ಚೀಲದಲ್ಲಿ ಬೇರೆ ಪುಡಿ ತುಂಬ್ತಾನೆ, ನಿನ್ನ ಬೋರ್ಡಿನ ಕೆಳಗೆ.

"ಸಂಪೂರ್ಣ ಬೆಂಬಲ" ಅಂದರೆ ಏನು ಅಂತ ಬರಿ. ನನಗೆ ಸಿಕ್ಕಿದ್ದು ಮೂರು ದಿನದ ಟ್ರೇನಿಂಗು, ಒಂದು ಬ್ಯಾನರು, ಒಂದು ಫೋನ್ ನಂಬರ್. ಆ ನಂಬರ್ ಮೊದಲ ತಿಂಗಳು ಎತ್ತೋರು. ಟ್ರೇನಿಂಗಿನಲ್ಲಿ ಮೆಷಿನ್ ಒರೆಸೋದು, ನಗುನಗುತ್ತಾ ಮಾತಾಡೋದು ಹೇಳಿಕೊಟ್ಟರು. ತಣ್ಣಗಿರೋ ಹಾಲಿಗೆ ಹಸಿಶುಂಠಿ ಜಜ್ಜಿ ಹಾಕಿ ಒಲೆ ಮೇಲಿಟ್ಟರೆ ಹಾಲು ಒಡೆಯುತ್ತೆ, ಶುಂಠಿಯನ್ನು ನೀರಲ್ಲಿ ಮೊದಲೇ ಕುದಿಸಬೇಕು, ಇಲ್ಲಾ ಹಾಲು ಕುದಿ ಬಂದ ಮೇಲೆ ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಎರಡನೇ ದಿನವೇ ಮೂರು ಲೀಟರ್ ಒಡೀತು. ಹಾಲು ಹಳೇದು ಅಂತ ಡೇರಿಯವನ ಹತ್ರ ಜಗಳ ಆಡಿಬಂದೆ ಪಾಪ.

ಹೊಸ ಅಂಗಡಿಯವನಿಗೆ ಬೇಕಾಗಿರೋ ಬೆಂಬಲ ಎರಡೇ. ಒಂದು, ಮೊದಲ ಹದಿನೈದು ದಿನ ನಿನ್ನ ಕಡೆಯ ಒಬ್ಬ ಅನುಭವಿ ಮಾಸ್ಟರ್ ಅಲ್ಲೇ ಇರಬೇಕು. ಇನ್ನೊಂದು, ಮಾಸ್ಟರ್ ಊರ ಜಾತ್ರೆಗೆ ಹೋಗಿ ವಾಪಸ್ ಬರದೇ ಇದ್ದಾಗ ಬದಲಿ ಆಳು. ಹೋಗೇ ಹೋಗ್ತಾರೆ, ನಿನಗೆ ಗೊತ್ತಲ್ಲ. ಎರಡು ದಿನ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅಲ್ಲೇ ಉಳೀತಾನೆ. ನಿನ್ನ ಹತ್ರ ಕಳಿಸೋಕೆ ಆಳಿಲ್ಲ ಅಂದರೆ ಐದು ಅಂಗಡಿ ಕೊಡಬೇಡ, ಎರಡು ಕೊಡು.

ಜಾಗವನ್ನು ನೀನೇ ನೋಡಿ ಒಪ್ಪಬೇಕು. ಎದುರಿಗೆ ಎಷ್ಟು ಜನ ಓಡಾಡ್ತಾರೆ ಅಂತ ಎಣಿಸಿ ಪ್ರಯೋಜನ ಇಲ್ಲ. ನಾನು ಎಣಿಸಿದ್ದೆ, ಸಾವಿರಾರು ಜನ ಇದ್ದರು, ಎಲ್ಲಾ ಬಸ್ಸು ಹಿಡಿಯೋ ಅವಸರದೋರು. ಪಕ್ಕದ ಟೀ ಅಂಗಡಿಯವರು ರಾತ್ರಿ ಖಾಲಿ ಹಾಲಿನ ಪ್ಯಾಕೆಟ್ ಕಟ್ಟಿ ಇಡ್ತಾರಲ್ಲ, ಅದನ್ನು ಎಣಿಸು. ಅರ್ಧ ಲೀಟರ್ ಪ್ಯಾಕೆಟ್ಟಿಗೆ ಹತ್ತು ಕಪ್. ಒಂದು ವಾರದ ದಿನ ನೋಡು, ಒಂದು ಭಾನುವಾರ ನೋಡು. ಅಲ್ಲಿ ಇಪ್ಪತ್ತೈದು ಪ್ಯಾಕೆಟ್ ಕೂಡ ಇಲ್ಲ ಅಂದರೆ ಹೊಸಬನಿಗೆ 245 ಎಲ್ಲಿಂದ ಬರುತ್ತೆ?

ಹೆಸರನ್ನು ಟ್ರೇಡ್‌ಮಾರ್ಕ್‌ಗೆ ಹಾಕಿದ್ದೀಯೋ ಇಲ್ವೋ? ಒಬ್ಬನೇ ಮಾಲೀಕ ಆನ್‌ಲೈನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ದುಡ್ಡು ತಗೊಳ್ಳೋ ಮೊದಲು ಅದನ್ನು ಮುಗಿಸು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತ ಬೇರೆ ಕಾನೂನಿಲ್ಲ, 1872ರ ಕರಾರು ಕಾಯ್ದೆಯೇ ಗತಿ. ಕಾಗದದಲ್ಲಿ ಏನಿದೆಯೋ ಅಷ್ಟೇ. ನಾನು ಸಹಿ ಹಾಕಿದ ಕಾಗದದಲ್ಲಿ "ಮುಚ್ಚಿದರೆ ಏನು" ಅನ್ನೋ ಸಾಲೇ ಇರಲಿಲ್ಲ. ನಾನೂ ಕೇಳಲಿಲ್ಲ. ಪೂಜೆ ದಿನ ಅಂಥ ಮಾತು ಯಾಕೆ ಅಂತ.

ನಾನಾಗಿದ್ದರೆ ಪ್ರಕಟಣೆ ಹೀಗೆ ಬರೀತಿದ್ದೆ:

"ಮೈಸೂರಿನಲ್ಲಿ ಎರಡು ಟೀ ಅಂಗಡಿ ನಡೆಸುತ್ತಿದ್ದೇವೆ. ಇನ್ನೂ ಇಬ್ಬರಿಗೆ ಫ್ರಾಂಚೈಸಿ ಕೊಡುತ್ತೇವೆ. ನಮಗೆ ಕೊಡಬೇಕಾದ್ದು ತೆರಿಗೆ ಸೇರಿ 2 ಲಕ್ಷ 78 ಸಾವಿರ. ಮಳಿಗೆ ಅಡ್ವಾನ್ಸ್, ಪೈಪು, ವೈರಿಂಗು, ಮೊದಲ ಮೂರು ತಿಂಗಳ ಕೈಖರ್ಚು ಸೇರಿದರೆ 5 ರಿಂದ 6 ಲಕ್ಷ ಇಟ್ಟುಕೊಂಡು ಬನ್ನಿ. ಸಾಲ ಮಾಡಿ ಬರಬೇಡಿ. ಪುಡಿ ನಮ್ಮಲ್ಲೇ ಕೊಳ್ಳಬೇಕು, ಅದರಲ್ಲಿ ನಮಗೆ ಕೆಜಿಗೆ ಇಷ್ಟು ಉಳಿಯುತ್ತದೆ. ಹದಿನೈದು ದಿನ ನಮ್ಮ ಮಾಸ್ಟರ್ ನಿಮ್ಮ ಜೊತೆ ಇರುತ್ತಾರೆ. ದಿನಕ್ಕೆ 245 ಕಪ್ ತನಕ ಲಾಭ ಇಲ್ಲ. 350 ಹೋದರೆ ತಿಂಗಳಿಗೆ ಸುಮಾರು 18 ಸಾವಿರ ಉಳಿಯುತ್ತದೆ, ಹಾಕಿದ ದುಡ್ಡು ವಾಪಸ್ ಬರಲು ಎರಡು ವರ್ಷದ ಮೇಲೆ ಬೇಕು. ನೀವೇ ಒಲೆ ಮುಂದೆ ನಿಲ್ಲುವುದಾದರೆ ಮಾಸ್ಟರ್ ಸಂಬಳ ನಿಮ್ಮದು. ನಮ್ಮ ಅಂಗಡಿಯಲ್ಲಿ ಒಂದು ವಾರ ಕೆಲಸ ಮಾಡಿ ನೋಡಿ, ಆಮೇಲೆ ಮಾತಾಡೋಣ."

"ಇಷ್ಟು" ಅನ್ನೋ ಜಾಗದಲ್ಲಿ ಎಷ್ಟು ಅಂತ ನೀನೇ ತುಂಬು. ಬೇರೆ ಅಂಕಿಗಳೂ ಹಾಸನದ ಬಾಡಿಗೆಗೆ ಹಾಕಿದ್ದು, ಮೈಸೂರಿನದಕ್ಕೆ ತಿದ್ದಿಕೋ. ಇದನ್ನು ಹಾಕಿದರೆ ನೂರು ಫೋನ್ ಬರೋ ಕಡೆ ಆರು ಬರುತ್ತವೆ ಅಂತ ನೀನು ಗೊಣಗ್ತೀಯ, ಗೊತ್ತು. ನಿನಗೆ ಬೇಕಾಗಿರೋದು ಇಬ್ಬರಲ್ವೇನೋ?

ಮುಂದಿನ ವಾರ ಬರುವಾಗ ನಿನ್ನ ಪುಡಿ ಅರ್ಧ ಕೆಜಿ ತಗೊಂಡು ಬಾ. ಹಳೇ ಬಸ್‌ಸ್ಟ್ಯಾಂಡಿನ ವ್ಯಾಪಾರಿಗೆ ತೋರಿಸೋಣ, ಅವರು ಏನು ರೇಟು ಹೇಳ್ತಾರೆ ಕೇಳೋಣ. ಅಕ್ಕನ ಮಂಡಿನೋವು ಹೇಗಿದೆ ಬರಿ.

ಇಂತಿ,
ನಿನ್ನ ಮಾವ